ಪಾಸ್‌ಪೋರ್ಟ್ ಬೇಡದ ವಿದೇಶ

ಬಜ್ಪೆಯ ವ್ಯಾಪಾರಿಯೊಬ್ಬರು ಒಂದು ಲಾರಿ ಪೈಪುಗಳನ್ನು ಪಕ್ಕದಲ್ಲೇ ಇರುವ ಮಂಗಳೂರು ವಿಶೇಷ ಆರ್ಥಿಕ ವಲಯದ ಕಾರ್ಖಾನೆಗೆ ಕಳಿಸಿದರೆ, ಕಾನೂನಿನ ಲೆಕ್ಕದಲ್ಲಿ ಅದು ರಫ್ತು. ಹಡಗು ಬೇಡ, ಸಮುದ್ರ ಬೇಡ, ಗೇಟು ದಾಟಿದರೆ ಸಾಕು. ಅದೇ ಕಾರ್ಖಾನೆಯ ಸರಕು ಗೇಟಿನಿಂದ ಈಚೆ ಬಂದರೆ ಆಮದು. ಬಿಲ್ ಆಫ್ ಎಂಟ್ರಿ ಸಲ್ಲಿಸಿ, ಸುಂಕವಿದ್ದರೆ ಕಟ್ಟಿ ಬಿಡಿಸಿಕೊಳ್ಳಬೇಕು. 2005ರ ವಿಶೇಷ ಆರ್ಥಿಕ ವಲಯ ಕಾಯ್ದೆಯ 53ನೇ ಕಲಮು ಹೇಳುವುದಿಷ್ಟು: ಅನುಮತಿ ಪಡೆದ ವ್ಯವಹಾರಗಳ ಮಟ್ಟಿಗೆ ಈ ಜಾಗ ಭಾರತದ ಸುಂಕದ ಗಡಿಯಿಂದ ಹೊರಗಿದೆ. ತೆಂಗು, ಗದ್ದೆ, ದೈವಸ್ಥಾನ ಇದ್ದ ನೆಲ ಕಲಮೊಂದರಲ್ಲಿ ಫಾರಿನ್ ಆಯಿತು. ನಮ್ಮೂರಲ್ಲಿ ಫಾರಿನ್‌ಗೆ ಹೋಗಲು ಜನ ಸಾಲ ಮಾಡುತ್ತಾರೆ. ಈ ನೆಲಕ್ಕೆ ಆ ಕಷ್ಟವೂ ಬರಲಿಲ್ಲ.

ಈ ವಿದೇಶಕ್ಕೊಬ್ಬ ದೊರೆಯೂ ಇದ್ದಾನೆ. ಹೆಸರು ಅಭಿವೃದ್ಧಿ ಆಯುಕ್ತ. ಕೇಂದ್ರ ವಾಣಿಜ್ಯ ಸಚಿವಾಲಯ ನೇಮಿಸುವ ಅಧಿಕಾರಿ. ಉದ್ಯಮಗಳನ್ನು ಕರೆತಂದು, ನೆಲೆಗೊಳಿಸಿ, ರಫ್ತು ಹೆಚ್ಚಿಸುವುದು ಆತನ ಕೆಲಸ. ಕಾರ್ಮಿಕ ಕಾನೂನುಗಳನ್ನು ಸಡಿಲಿಸಲು ಈ ಕಾಯ್ದೆ ಒಪ್ಪುವುದಿಲ್ಲ, ಅದನ್ನು ಮೆಚ್ಚಲೇಬೇಕು. ಆದರೆ ಕಾರ್ಮಿಕ ಆಯುಕ್ತರ ಅಧಿಕಾರವನ್ನೇ ಎಷ್ಟೋ ರಾಜ್ಯಗಳು ಈತನ ಕೈಗಿತ್ತಿವೆ. ಕಾನೂನು ಇದ್ದ ಹಾಗೇ ಇದೆ. ಮಾಲೀಕನಿಗೆ ಕೆಂಪು ಹಾಸು ಹಾಸಿದವರ ಬಳಿಯೇ ಕಾರ್ಮಿಕನೂ ದೂರು ಕೊಡಬೇಕು, ಅಷ್ಟೇ.

ಹಳ್ಳಿಯ ನೆಲ ವಿದೇಶವಾಗಬಹುದಾದರೆ, ರಾಜಧಾನಿಯ ಸರ್ಕಾರ ಸರ್ಕಾರವಲ್ಲದೆ ಹೋಗುವುದು ಯಾವ ಮಹಾ ಸಂಗತಿ? ದೆಹಲಿ ಕೇಂದ್ರಾಡಳಿತ ಪ್ರದೇಶ. ಅಲ್ಲಿ ಜನ ಓಟು ಹಾಕುತ್ತಾರೆ, ಶಾಸಕರು ಗೆಲ್ಲುತ್ತಾರೆ, ಮುಖ್ಯಮಂತ್ರಿ ಪ್ರಮಾಣವಚನ ಸ್ವೀಕರಿಸುತ್ತಾರೆ. ಪೊಲೀಸು, ಭೂಮಿ ಮೊದಲಿನಿಂದಲೂ ಕೇಂದ್ರದ್ದೇ. ಉಳಿದದ್ದಕ್ಕೆ 2021ರ ತಿದ್ದುಪಡಿ ಬಂತು: ದೆಹಲಿ ವಿಧಾನಸಭೆ ಮಾಡುವ ಯಾವ ಕಾನೂನಿನಲ್ಲಾದರೂ ಸರ್ಕಾರ ಎಂದಿದ್ದರೆ, ಅದು ಲೆಫ್ಟಿನೆಂಟ್ ಗವರ್ನರ್ ಎಂದೇ ಅರ್ಥ. ಗೆದ್ದವರು ಒಬ್ಬರು, ಸರ್ಕಾರ ಇನ್ನೊಬ್ಬರು.

ಅಧಿಕಾರಿಗಳ ವರ್ಗಾವಣೆ ಯಾರ ಕೈಯಲ್ಲಿರಬೇಕು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಯಿತು. 2023ರ ಮೇ 11ರಂದು ತೀರ್ಪು ಚುನಾಯಿತ ಸರ್ಕಾರದ ಪರ ಬಂತು. ಎಂಟು ದಿನ ಆ ಸುಖ. ಮೇ 19ರಂದು ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ಕಾಯ್ದೆ. ವರ್ಗಾವಣೆಗೆ ಈಗ ಮೂವರ ಪ್ರಾಧಿಕಾರವಿದೆ: ಮುಖ್ಯಮಂತ್ರಿ, ಮುಖ್ಯ ಕಾರ್ಯದರ್ಶಿ, ಗೃಹ ಇಲಾಖೆಯ ಪ್ರಧಾನ ಕಾರ್ಯದರ್ಶಿ. ಮುಖ್ಯಮಂತ್ರಿಯವರೇ ಅಧ್ಯಕ್ಷರು, ಕುರ್ಚಿ ದೊಡ್ಡದೇ. ಆದರೆ ತೀರ್ಮಾನ ಬಹುಮತದ್ದು, ತಮ್ಮ ಕೆಳಗಿನ ಇಬ್ಬರು ಕೈ ಎತ್ತಿದರೆ ಅಧ್ಯಕ್ಷರು ಅಲ್ಪಸಂಖ್ಯಾತರು. ಮೂವರೂ ಒಮ್ಮತದಿಂದ ಶಿಫಾರಸು ಮಾಡಿದರೂ ಕೊನೆಯ ಮಾತು ಲೆಫ್ಟಿನೆಂಟ್ ಗವರ್ನರ್ ಅವರದೇ.

ಸಭೆಗೆ ಬೇಕಾದ ಕೋರಂ ಇಬ್ಬರು. ಅದರಲ್ಲಿರುವ ಅಧಿಕಾರಿಗಳೂ ಇಬ್ಬರೇ.