ಪೇಮೆಂಟ್ ಇಲ್ಲ ಮೇಡಂ, ವಿಷನ್ ಇದೆ

ವಿದ್ಯಾರ್ಥಿ ನಿರ್ದೇಶಕನನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಗಡ್ಡ ಇನ್ನೂ ಪೂರ್ತಿ ಬಂದಿರುವುದಿಲ್ಲ, ಬಂದಷ್ಟನ್ನೇ ಕೆರೆದುಕೊಳ್ಳುತ್ತ ಮಾತಾಡುತ್ತಾನೆ. ಹೆಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಹಾರ್ಡ್ ಡಿಸ್ಕು, ಅದರಲ್ಲಿ ಅವನ ಸಮಸ್ತ ಆಸ್ತಿ. ಗಿರೀಶ ಕಾಸರವಳ್ಳಿಯವರು ಪುಣೆಯಲ್ಲಿ ಓದುವಾಗ ಮಾಡಿದ ‘ಅವಶೇಷ್’ಗೇ ರಾಷ್ಟ್ರಪ್ರಶಸ್ತಿ ಬಂದಿತ್ತು ಎನ್ನುವುದು ಅವನಿಗೆ ತನ್ನ ಹಾಲ್ ಟಿಕೆಟ್ ನಂಬರಿಗಿಂತ ಚೆನ್ನಾಗಿ ನೆನಪಿರುತ್ತದೆ. ಹಗಲೆಲ್ಲ ಕ್ಯಾಂಟೀನಿನಲ್ಲಿ ಬೈಟು ಕಾಫಿ ಕುಡಿದು, ರಾತ್ರಿ ಎರಡು ಗಂಟೆಗೆ ನಮ್ಮಂಥ ಡಬ್ಬಿಂಗ್ ಕಲಾವಿದರಿಗೆ ಮೇಲ್ ಬರೆಯುತ್ತಾನೆ.

ಆ ಮೇಲಿಗೆ ಒಂದು ಸಂಪ್ರದಾಯವಿದೆ. ಸಬ್ಜೆಕ್ಟ್ ಜಾಗದಲ್ಲಿ ‘ಒಂದು ಒಳ್ಳೆಯ ಆಪರ್ಚುನಿಟಿ’. ಯಾರಿಗೆ ಎಂದು ಹೇಳಿರುವುದಿಲ್ಲ. ಮೊದಲ ಮೂರು ಪ್ಯಾರಾ ನೆನಪು, ಮೌನ, ಮಣ್ಣು ಇವುಗಳ ಬಗ್ಗೆ. ನಾಲ್ಕನೆಯದರಲ್ಲಿ ‘ಅಜ್ಜಿಯ ಪಾತ್ರಕ್ಕೆ ನಿಮ್ಮ ದನಿಯೇ ಬೇಕು’. ದುಡ್ಡು ಎಂಬ ಪದ ಎಲ್ಲೂ ಬರುವುದಿಲ್ಲ, ಅದು ಬರಬೇಕಾದ ಕಡೆ ‘ಇದೊಂದು ಪ್ಯಾಶನ್ ಪ್ರಾಜೆಕ್ಟ್’ ಎಂದಿರುತ್ತದೆ. ನಾಲ್ಕು ದಿನ ಮೆಸೇಜು ಓಡಾಡಿದ ಮೇಲೆ, ರೆಕಾರ್ಡಿಂಗಿನ ಹಿಂದಿನ ಸಂಜೆ ‘ಮೇಡಂ, ಒಂದು ಸಣ್ಣ ವಿಷಯ’ ಎಂದು ಅದು ಹೊರಬೀಳುತ್ತದೆ. ಸಂಭಾವನೆ ಇಲ್ಲ ಎನ್ನುವುದಕ್ಕೆ ನಾವು ಯಾರೂ ಕೋಪಿಸಿಕೊಳ್ಳುವುದಿಲ್ಲ. ಅದು ಕೊನೆಗೆ ತಿಳಿಯುವುದಕ್ಕೆ ಕೋಪ. ಮೊದಲ ಸಾಲಿನಲ್ಲೇ ಬರೆದಿದ್ದರೆ ಒಪ್ಪುವವರು ಒಪ್ಪುತ್ತಿದ್ದರು, ಉಳಿದವರು ಮಲಗುತ್ತಿದ್ದರು.

ಇತ್ತೀಚೆಗೆ ಹೀಗೇ ಬರೆದವನೊಬ್ಬನಿಗೆ ಫೋನ್ ಮಾಡಿದೆ. ಹನ್ನೆರಡು ನಿಮಿಷದ ಚಿತ್ರ. ಅಜ್ಜಿಯಾಗಿ ನಟಿಸಿದವರು ಅವನ ಸ್ವಂತ ಅಜ್ಜಿ. ಮುಖ ಸೊಗಸು, ಆದರೆ ಕ್ಯಾಮೆರಾ ಕಂಡೊಡನೆ ದನಿ ಹೂತುಹೋಗುತ್ತದೆ.

“ಎಷ್ಟು ಹೊತ್ತಿನ ಕೆಲಸ ಮರಿ?”

“ಒಂದರ್ಧ ಗಂಟೆ ಅಷ್ಟೇ ಮೇಡಂ.”

“ಎಷ್ಟು ಸಾಲು?”

“ನಲವತ್ತು ಇರಬೋದು.”

“ಲಿಪ್ ಸಿಂಕಾ, ಬರೀ ವಾಯ್ಸ್ ಓವರಾ?”

“ಎರಡೂ ಮೇಡಂ!” ಎಂದ, ಬೋನಸ್ ಕೊಡುವವನ ಹಾಗೆ.

ವಾಯ್ಸ್ ಓವರ್ ಆದರೆ ಕಾಗದ ನೋಡಿ ಓದಬಹುದು. ಲಿಪ್ ಸಿಂಕ್ ಹಾಗಲ್ಲ. ಪ್ರತಿ ತುಣುಕಿಗೂ ಪೈಲಟ್ ಟ್ರ್ಯಾಕ್ ಕೇಳಬೇಕು, ಅಜ್ಜಿ ಎಲ್ಲಿ ಉಸಿರೆಳೆದರು, ಎಲ್ಲಿ ಎಲೆಯಡಿಕೆಯನ್ನು ದವಡೆ ಬದಲಿಸಿದರು ಎಂದು ನೋಡಬೇಕು, ಒಮ್ಮೆ ಸುಮ್ಮನೆ ಹೇಳಿ ನೋಡಬೇಕು, ಆಮೇಲೆ ಟೇಕು. ಮೂರನೆಯ ಟೇಕಿಗೆ ಕೂತರೆ ಪುಣ್ಯ. ನಲವತ್ತು ಸಾಲಿಗೆ ಮೂರು ಗಂಟೆಯಾದರೂ ಬೇಕು, ಅದೂ ಸಾಲಿನಲ್ಲಿ ಅಳು ಇಲ್ಲದಿದ್ದರೆ. ಅತ್ತರೆ ಗಂಟಲು ಕೂರುತ್ತದೆ, ಆದ್ದರಿಂದ ಅಳುವ ಸಾಲನ್ನೆಲ್ಲ ಕೊನೆಗೆ ಇಡಬೇಕು. ಅದು ಅವನ ವೇಳಾಪಟ್ಟಿಯಲ್ಲಿ ಮೊದಲಿಗಿತ್ತು.

“ಎಡಿಟ್ ಲಾಕ್ ಆಗಿದೆಯೇನಪ್ಪಾ?”

“ಲಾಕ್ ಆಗಿದೆ ಮೇಡಂ. ಸ್ವಲ್ಪ ಟ್ರಿಮ್ ಮಾಡೋದಿದೆ ಅಷ್ಟೆ.”

ಈ ‘ಅಷ್ಟೆ’ಯೇ ನಮ್ಮ ಶತ್ರು. ಸೆಕೆಂಡಿಗೆ ಇಪ್ಪತ್ತೈದು ಫ್ರೇಮಿನ ಚಿತ್ರದಲ್ಲಿ, ಅಜ್ಜಿ ಬಾಯಿ ಆಡಿಸುತ್ತಿರುವಾಗಲೇ ಹತ್ತು ಫ್ರೇಮು ಕತ್ತರಿಸಿದರೆ ಅರ್ಧ ಸೆಕೆಂಡಿಗೆ ಹತ್ತಿರ ಹೋಯಿತು. ತುಟಿ ನಿಂತ ಮೇಲೂ ದನಿ ಬರುತ್ತಿರುತ್ತದೆ, ಕೊನೆಯ ಸಾಲಿನಲ್ಲಿ ಕೂತ ಪ್ರೇಕ್ಷಕನಿಗೂ ಗೊತ್ತಾಗುತ್ತದೆ. ಆಗ ‘ಮೇಡಂ, ಆ ನಾಲ್ಕು ಸಾಲು ಮೊಬೈಲಿನಲ್ಲೇ ವಾಯ್ಸ್ ನೋಟ್ ಕಳಿಸಿಬಿಡಿ’ ಎನ್ನುತ್ತಾನೆ. ಸ್ಟುಡಿಯೋದ ಸಾಲಿನ ಪಕ್ಕದಲ್ಲಿ ಅದನ್ನಿಟ್ಟರೆ ಅಜ್ಜಿ ಹಜಾರದಲ್ಲಿ ಮಾತು ಶುರುಮಾಡಿ ಬಚ್ಚಲಲ್ಲಿ ಮುಗಿಸಿದಂತಿರುತ್ತದೆ.

ಕ್ರೆಡಿಟ್ ವಿಷಯದಲ್ಲಿ ಅವನು ಧಾರಾಳಿ. ‘ಖಂಡಿತಾ ಹಾಕ್ತೀವಿ’ ಎನ್ನುತ್ತಾನೆ. ಎಲ್ಲಿ ಎಂದು ಕೇಳಿದರೆ ‘ವಿಶೇಷ ಕೃತಜ್ಞತೆಗಳು’ ಪಟ್ಟಿಯಲ್ಲಿ, ಜನರೇಟರ್ ಕೊಟ್ಟವರಿಗೂ ಉಪ್ಪಿಟ್ಟು ಕಳಿಸಿದ ಅತ್ತೆಗೂ ನಡುವೆ. ಪಾತ್ರವರ್ಗದಲ್ಲಿ ಅಜ್ಜಿಯ ಹೆಸರಿರುತ್ತದೆ, ದನಿ ಯಾರದೆಂದು ಕೇಳುವವರಿಲ್ಲ. ತನ್ನ ಅಭಿನಯಕ್ಕೆ ತನ್ನ ಹೆಸರು ಸಲ್ಲಬೇಕೆಂಬುದು ಹಕ್ಕು, ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಲ್ಲೇ ಇದೆ ಎಂದು ಹೇಳಿದೆ. ಅವನು ಗಡ್ಡ ಕೆರೆದುಕೊಂಡದ್ದು ಫೋನಿನಲ್ಲೂ ಕೇಳಿಸಿತು.

ಕೊನೆಗೆ ಅಗ್ರಿಮೆಂಟು. ಇಂಟರ್‌ನೆಟ್ಟಿನಿಂದ ಇಳಿಸಿದ ಹನ್ನೊಂದು ಪುಟ. ಅದರ ಪ್ರಕಾರ ನನ್ನ ದನಿಯನ್ನು ಇಡೀ ಬ್ರಹ್ಮಾಂಡದಲ್ಲಿ, ಅನಂತಕಾಲ, ಈಗ ಇರುವ ಮತ್ತು ಮುಂದೆ ಕಂಡುಹಿಡಿಯಲಿರುವ ಸಕಲ ಮಾಧ್ಯಮಗಳಲ್ಲಿ ಅವನು ಬಳಸಬಹುದು. ತಕರಾರು ಬಂದರೆ ಕ್ಯಾಲಿಫೋರ್ನಿಯಾದ ಕೋರ್ಟಿಗೆ ಹೋಗಬೇಕು. ನಾನಿರುವುದು ಬನಶಂಕರಿಯಲ್ಲಿ, ಅವನು ಹಾಸ್ಟೆಲಿನಲ್ಲಿ.

ತಮಾಷೆಯೆಂದರೆ, ಬ್ರಹ್ಮಾಂಡ ಕೇಳುವ ಈ ಹುಡುಗ ಇನ್ನೊಂದು ಚಿತ್ರಕ್ಕೆ ಏನೂ ಬರೆಸಿಕೊಳ್ಳದೆಯೇ ದನಿ ತೆಗೆದುಕೊಂಡಿದ್ದ. ಹಕ್ಕು ಬರೆದುಕೊಟ್ಟರೂ ಅವಧಿ ಬರೆಯದಿದ್ದರೆ ನಮ್ಮ ಕಾಯ್ದೆ ಅದನ್ನು ಐದು ವರ್ಷ ಎಂದು ಎಣಿಸುತ್ತದೆ. ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ. ನಾಳೆ ಯಾವುದೋ ದೇಶದ ಉತ್ಸವದವರು ಚಿತ್ರ ಆರಿಸಿ ‘ಹಕ್ಕಿನ ಕಾಗದ ಕಳಿಸಿ’ ಎಂದರೆ, ಕೈಯಲ್ಲಿ ಕಾಗದವಿಲ್ಲದೆ ಪರದಾಡುವವನು ಅವನೇ. ಷರತ್ತು ಬರೆಯುವುದು ಕಲಾವಿದರ ಕಿರಿಕಿರಿ ಎಂದುಕೊಂಡಿದ್ದವನಿಗೆ ಇದೊಂದು ಮಾತು ತಟ್ಟಿತು. “ಹಾಗಾದ್ರೆ ಹೇಗೆ ಬರೀಲಿ ಮೇಡಂ?” ಎಂದು ಅಳುದನಿಯಲ್ಲಿ ಕೇಳಿದ. ಎರಡು ದಿನ ಬಿಟ್ಟು, ಹಗಲು ಹೊತ್ತಿನಲ್ಲಿ, ಈ ಮೇಲ್ ಬಂತು.

‘ನಮಸ್ಕಾರ ಮೇಡಂ. ಇದು ನನ್ನ ಕೊನೆಯ ವರ್ಷದ ಚಿತ್ರ, ಹನ್ನೆರಡು ನಿಮಿಷ. ಸಂಭಾವನೆ ಕೊಡಲು ಆಗುವುದಿಲ್ಲ. ಹೋಗಿಬರುವ ಆಟೋ ಖರ್ಚು ಮತ್ತು ಮಧ್ಯಾಹ್ನದ ಊಟ ನಮ್ಮದು. ಪಾತ್ರ: ಅಜ್ಜಿ, ಎಪ್ಪತ್ತರ ಆಸುಪಾಸು, ಹಾಸನ ಕಡೆಯ ಮಾತು. ನಲವತ್ತು ಸಾಲು, ಇಪ್ಪತ್ತೆಂಟು ಲಿಪ್ ಸಿಂಕ್. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದೂವರೆ, ಕಾಲೇಜಿನ ಸೌಂಡ್ ರೂಮ್. ಎಡಿಟ್ ಲಾಕ್ ಆಗಿದೆ, ಟೈಮ್‌ಕೋಡ್ ಇರುವ ವಿಡಿಯೋ ಮತ್ತು ಸ್ಕ್ರಿಪ್ಟ್ ಲಗತ್ತಿಸಿದ್ದೇನೆ. ಪಿಕಪ್ ಬೇಕಾದರೆ ಒಂದೇ ಸಲ, ಒಂದು ಗಂಟೆ, ಅದೇ ಮೈಕಿನಲ್ಲಿ. ಪಾತ್ರವರ್ಗದಲ್ಲಿ ಅಜ್ಜಿಯ ಹೆಸರಿನ ಕೆಳಗೇ ‘ಧ್ವನಿ’ ಎಂದು ನಿಮ್ಮ ಹೆಸರು, ಪೋಸ್ಟರಿನಲ್ಲೂ. ಕಾಗುಣಿತ ನೀವೇ ಬರೆದುಕೊಡಿ. ದನಿಯನ್ನು ಈ ಚಿತ್ರ ಮತ್ತು ಇದರ ಟ್ರೇಲರಿಗೆ ಮಾತ್ರ ಬಳಸುತ್ತೇವೆ: ಕಾಲೇಜು ಪ್ರದರ್ಶನ, ದೇಶವಿದೇಶದ ಚಿತ್ರೋತ್ಸವ, ಆಮೇಲೆ ಜಾಹೀರಾತಿಲ್ಲದೆ ಯೂಟ್ಯೂಬ್, ಹತ್ತು ವರ್ಷ. ಚಿತ್ರ ಮಾರಾಟವಾದರೆ ಮೊದಲು ನಿಮ್ಮ ಸಂಭಾವನೆ ಮಾತಾಡಿ, ಆಮೇಲೆ ಸಹಿ. ಸಾಲುಗಳನ್ನು ಬೇರೆ ಚಿತ್ರಕ್ಕಾಗಲಿ, ಜಾಹೀರಾತಿಗಾಗಲಿ, ನಿಮ್ಮ ದನಿಯ ನಕಲು ತಯಾರಿಸಲಿಕ್ಕಾಗಲಿ ಕೊಡುವುದಿಲ್ಲ. ಮಿಕ್ಸ್ ಮುಗಿದ ವಾರದೊಳಗೆ ನಿಮ್ಮ ಶೋರೀಲಿಗೆ ಒಂದು ತುಣುಕು. ಉತ್ಸವ ಮುಗಿಯುವ ತನಕ ಅದನ್ನು ಪಾಸ್‌ವರ್ಡ್ ಹಾಕಿ ಇಟ್ಟುಕೊಳ್ಳಬೇಕೆಂದು ವಿನಂತಿ.’

ನೆನಪು, ಮೌನ, ಮಣ್ಣು ಈ ಸಲ ಒಂದೇ ಸಾಲಿನಲ್ಲಿ, ತಾ.ಕ. ಆಗಿ ಕೆಳಗಿತ್ತು. ಪೂರ್ತಿ ಬಿಟ್ಟಿದ್ದರೆ ಹುಡುಗನಿಗೆ ಹುಷಾರಿಲ್ಲವೇನೋ ಎಂದು ಗಾಬರಿಯಾಗುತ್ತಿತ್ತು.

ಒಪ್ಪಿದೆ. ಭಾನುವಾರ ಒಂದೂ ಕಾಲಿಗೆಲ್ಲ ಕೆಲಸ ಮುಗಿಯಿತು, ಅಳುವ ಸಾಲು ಕೊನೆಗಿತ್ತು. ಊಟ ಅನ್ನ, ಹುಳಿ, ಹಪ್ಪಳ. ಆಟೋ ದುಡ್ಡು ಅವನ ಅಮ್ಮನ ಖಾತೆಯಿಂದ ಬಂತು. ಟೈಟಲ್ ಕಾರ್ಡಿನಲ್ಲಿ ಆಕೆ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್.