ಭಾವನ ಅಂಗಡಿಯ ತ್ರೈಮಾಸಿಕ ತಪಾಸಣೆ

ಮೈಸೂರಿನಲ್ಲಿ ನಮ್ಮ ಭಾವನಿಗೊಂದು ಕುರುಕಲು ತಿಂಡಿಯ ಅಂಗಡಿಯಿದೆ. ಅದರ ಲೆಕ್ಕಪತ್ರಕ್ಕೆ ಓದಿ ಪಾಸಾದ ಆಡಿಟರ್ ಇದ್ದಾರೆ. ಅದರ ಇಂಟರ್‌ನೆಟ್ ಅವತಾರಗಳಿಗೆ ನಾನು ಆಡಿಟರ್, ಯಾರೂ ನೇಮಿಸದೆ ಆದವನು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಬಂತೆಂದರೆ ಕನ್ನಡಕ ಒರೆಸಿಕೊಂಡು, ಪಟ್ಟಿ ಹಿಡಿದು ಗಲ್ಲಾದ ಪಕ್ಕ ಕೂರುತ್ತೇನೆ. ಭಾವ ಮಾತಾಡದೆ ಒಂದು ಕೋಡುಬಳೆ ಕೊಡುತ್ತಾರೆ. ನನ್ನ ಬಾಯಿ ಮುಚ್ಚಿಸಲೆಂದು ಗೊತ್ತಿದ್ದೂ ತಿನ್ನುತ್ತೇನೆ.

ಮೊದಲು ಲಿಂಕುಗಳು. ಅಂಗಡಿಯ ಖಾತೆಯಿಂದ ಹೊರಬಂದು, ಗಿರಾಕಿಯಂತೆ ಒಂದೊಂದನ್ನೂ ಒತ್ತಿ ನೋಡಬೇಕು. ಫೇಸ್‌ಬುಕ್ ಪುಟದಲ್ಲಿ business.site ಎಂದು ಮುಗಿಯುವ ವಿಳಾಸವೊಂದು ಕೂತಿತ್ತು. ಗೂಗಲ್ ಪುಕ್ಕಟೆ ಕೊಟ್ಟಿದ್ದ ಆ ಪುಟಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿ, ಜೂನ್‌ವರೆಗೆ ಬಂದವರನ್ನು ಅಂಗಡಿಯ ಗೂಗಲ್ ಪ್ರೊಫೈಲಿಗೆ ದಾಟಿಸಿ, ಆಮೇಲೆ ಕೈಬಿಟ್ಟಿತು. ನಮಗೆ ಆ ಪುಟ ಮಾಡಿಕೊಟ್ಟ ಹುಡುಗ ಪ್ರೊಫೈಲನ್ನೂ ತನ್ನದೇ ಇಮೇಲ್‌ನಲ್ಲಿ ತೆರೆದಿದ್ದ. ಈಗ ಫೋನ್ ಎತ್ತುವುದಿಲ್ಲ. ಇಂಥವರ ಮೇಲಿನ ನನ್ನ ಸಿಟ್ಟು ಈ ಪುಟಕ್ಕೆ ಹಿಡಿಸದು. ಮಾಲೀಕತ್ವ ಕೇಳಿ ಗೂಗಲ್‌ಗೇ ಅರ್ಜಿ ಹಾಕಿ ಬಿಡಿಸಿಕೊಂಡೆವು.

ಆ ಪ್ರೊಫೈಲಿನ ಫೋಟೊಗಳಲ್ಲಿ ನಾವು ಹಾಕಿದ್ದನ್ನು ಅಳಿಸಬಹುದು. ಗಿರಾಕಿಗಳು ಹಾಕಿದ್ದರ ಮೇಲೆ ದೂರು ಕೊಡಬಹುದಷ್ಟೆ. ಹಳೆಯ ದರದ ಬೋರ್ಡಿನ ಫೋಟೊ ತೋರಿಸಿ ಜಗಳಕ್ಕೆ ಬರುವವರಿದ್ದಾರೆ. ದರ ಏರಿದ ದಿನವೇ ಹೊಸ ಬೋರ್ಡಿನ ಫೋಟೊ ಏರಿಸುವುದೊಂದೇ ದಾರಿ.

ಇನ್ನು ಸಂದೇಶಗಳು. ಇನ್‌ಸ್ಟಾಗ್ರಾಂನಲ್ಲಿ ಅಪರಿಚಿತರು ಬರೆದದ್ದು ‘ರಿಕ್ವೆಸ್ಟ್ಸ್’ ಎಂಬ ಹಿತ್ತಲಿಗೆ ಹೋಗಿ ಬೀಳುತ್ತದೆ; ಭಾವ ಆ ಕಡೆ ತಲೆ ಹಾಕಿದವರೇ ಅಲ್ಲ. ಅಲ್ಲೊಬ್ಬಾಕೆ, “ಸೀಮಂತಕ್ಕೆ ಹತ್ತು ಕೆಜಿ ಚಕ್ಕುಲಿ ಸಿಗುತ್ತಾ?” ಎಂದು ಕೇಳಿದ್ದರು. ಕೇಳಿ ಎರಡು ವರ್ಷವಾಗಿತ್ತು.

“ಬಿಡಯ್ಯಾ, ಮಗು ಈಗ ಚಕ್ಕುಲಿ ತಿನ್ನೋ ಹಾಗಾಗಿರುತ್ತೆ” ಎಂದರು ಭಾವ.

ಬಿಡುವುದೆಂದರೇನು? ಪಟ್ಟಿಯಲ್ಲಿ ‘ಉತ್ತರ ಬಾಕಿ’ ಎಂಬ ಕಲಮೇ ಇದೆ! “ಸಿಗುತ್ತದೆ” ಎಂದು ಬರೆದೆ, ನಿರ್ದಯವೆನಿಸಿತು. “ತಡವಾಯಿತು, ಕ್ಷಮಿಸಿ” ಎಂದೆ. ತಡ ಎಂಬ ಪದಕ್ಕೇ ಅವಮಾನ. ಅಭಿನಂದನೆ ಹೇಳೋಣವೆಂದರೆ ಗಂಡೋ ಹೆಣ್ಣೋ ತಿಳಿಯದು. ಅದಕ್ಕಿಂತ, ಎಲ್ಲವೂ ಸುಸೂತ್ರವಾಗಿ ಆಯಿತೋ ಇಲ್ಲವೋ ಎಂದು ಹೊಳೆದದ್ದೇ ಬೆರಳು ನಿಂತಿತು. ಎರಡು ವರ್ಷದಲ್ಲಿ ಒಂದು ಮನೆಯಲ್ಲಿ ಏನೇನೋ ಆಗಿರುತ್ತದೆ. ಭಾವನೂ ತಕ್ಕಡಿ ಬಿಟ್ಟು ಬಂದು ಪಕ್ಕದಲ್ಲಿ ನಿಂತರು. ಕೊನೆಗೆ, “ನಿಮ್ಮ ಸಂದೇಶ ಈಗಷ್ಟೇ ಕಣ್ಣಿಗೆ ಬಿತ್ತು. ಮನೆಯಲ್ಲೆಲ್ಲ ಕ್ಷೇಮವೆಂದು ನಂಬಿದ್ದೇವೆ” ಎಂದು ಕಳಿಸಿದೆವು.

ಐದೇ ನಿಮಿಷಕ್ಕೆ ಉತ್ತರ: “ಎಲ್ಲ ಕ್ಷೇಮ ಸಾರ್. ಅವತ್ತು ನಿಮ್ಮ ಎದುರಂಗಡಿಯಲ್ಲಿ ತಗೊಂಡ್ವಿ. ತುಂಬಾ ಚೆನ್ನಾಗಿತ್ತು.”

ಭಾವ ನನ್ನ ಕೈಲಿದ್ದ ಅರ್ಧ ಕೋಡುಬಳೆಯನ್ನು ವಾಪಸ್ ತೆಗೆದುಕೊಂಡರು. ನಾನು ಎದುರಂಗಡಿಯ ಗೂಗಲ್ ಪ್ರೊಫೈಲ್ ತೆರೆದು, ಅವರ ಮುಚ್ಚುವ ವೇಳೆ ತಪ್ಪಾಗಿದೆಯೆಂದೂ, ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದೆಂದೂ ತಿಳಿಸಿದೆ.

“ಮುಟ್ಟಬೇಡ. ಹಾಗೇ ಇರಲಿ” ಎಂದರು ಭಾವ.