ಮಗು ಹುಟ್ಟಿತು, ಎರಡು ಸಾಲು ಬರಿ

ಹೆಂಡತಿಯ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದಲೇ ಫೋನು: “ಭಾವ, ಫೋಟೋ ರೆಡಿ, ಕ್ಯಾಪ್ಷನ್ ಒಂದು ಬರೆದುಕೊಡಿ.”

ಅವನ ಕರಡು ಹೀಗಿತ್ತು: “ಹಾಯ್ ಅಂಕಲ್, ಆಂಟಿ! ನಾನು ಅಪ್ಪನ ಪುಟಾಣಿ ಪ್ಲಿನ್ಸೆಸ್ಸು, ದೇವಲೋಕದಿಂದ ಬಂದಿದ್ದೀನಿ!” ಮುಂದೆ ಹೃದಯ, ಹಾಲಿನ ಬಾಟಲಿ, ಕಿರೀಟ. ಇನ್ನೂ ಕಣ್ಣು ಬಿಡದ ಕೂಸಿಗೆ ಇಷ್ಟು ಮಾತೇ? ಅದೂ ತೊದಲುತ್ತ! ಮೊದಲು ಕೂಸಿನ ಬಾಯಿ ಮುಚ್ಚಿಸಿ, ಅಪ್ಪನೇ ಮಾತಾಡಲಿ ಅಂದೆ. ಕಿರೀಟವೂ ಹೋಯಿತು, ದೇವಲೋಕವೂ ಹೋಯಿತು. ಉಳಿದದ್ದು “ಬಂದಿದ್ದೀನಿ” ಒಂದೇ, ಅದನ್ನೂ ತೆಗೆದೆ.

“ಈಗ ನೀನು ಕಣ್ಣಾರೆ ಕಂಡದ್ದು ಒಂದು ಹೇಳು.”

“ಏನಿಲ್ಲ ಭಾವ, ಬೆರಳು ಕೊಟ್ಟೆ, ಹಿಡ್ಕೊಂಡ್ಲು. ಬಿಡ್ತಾನೇ ಇಲ್ಲ. ಟೀ ಆರಿ ಹೋಯ್ತು.”

ಸಿಕ್ಕಿತು! ಅಂಗೈ ಮುಟ್ಟಿದರೆ ಹಸುಗೂಸು ಮುಷ್ಟಿ ಕಟ್ಟುವುದು ಹುಟ್ಟುಗುಣ, ಡಾಕ್ಟರರು ಪರೀಕ್ಷೆ ಮಾಡುವುದೂ ಉಂಟು. ಅದನ್ನು ಅಪ್ಪನಿಗೆ ಹೇಳುವವರಾರು? ಬರೆದೆ:

“ಮಂಗಳವಾರ ಬೆಳಗಿನ ಜಾವ ಮಗಳು ಹುಟ್ಟಿದಳು. ತಾಯಿ, ಮಗು ಆರಾಮ. ನನ್ನ ಬೆರಳು ಹಿಡಿದಿದ್ದಾಳೆ, ಟೀ ಆರಿದೆ.”

ಇನ್‌ಸ್ಟಾಗ್ರಾಮ್ 2,200 ಅಕ್ಷರಕ್ಕೆ ಜಾಗ ಕೊಡುತ್ತದೆ, ನಿಜ. ಆದರೆ ಮೊದಲೆರಡು ಸಾಲು ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ತಾಯಿಯ ಕ್ಷೇಮ ಆ ಮಡಿಕೆಯೊಳಗೆ ಸೇರಬಾರದು. ಮಗುವಿನ ಕೈಗೆ ಕಟ್ಟಿದ ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು, ನಂಬರು ಇರುತ್ತದೆ. ಫೋಟೋದಲ್ಲಿ ಅದನ್ನು ಕತ್ತರಿಸಿದೆವು.

ಅತ್ತೆಯವರು ಓದಿ ಕೇಳಿದರು: “ಎಲ್ಲ ಸರಿ ಅಳಿಯಂದಿರೇ, ನಕ್ಷತ್ರ ಎಲ್ಲಿ? ಟೀ ವಿಚಾರ ಯಾರಿಗೆ ಬೇಕಿತ್ತು?”